ಮಾತಲ್ಲಿ ಒಪ್ಪಿದ್ದು ಆಫರ್ ಲೆಟರ್‌ನಲ್ಲಿ ಇದೆಯಾ?

"ವಾರಕ್ಕೆ ಎರಡು ದಿನ ವರ್ಕ್ ಫ್ರಮ್ ಹೋಮ್ ಅಂದಿದ್ರು ಮೇಡಂ, ಈಗ ದಿನಾ ಆಫೀಸಿಗೆ ಬನ್ನಿ ಅಂತಿದ್ದಾರೆ." ಕೆಲಸ ಬದಲಾಯಿಸುವವರಿಗೆ ಸಲಹೆ ಕೊಡುವ ನನಗೆ ಈ ದೂರು ಕೇಳಿ ಕೇಳಿ ಸಾಕಾಗಿದೆ. ಎಲ್ಲಿ ಬರೆದಿದೆ ಅಂದರೆ, "ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಹೇಳಿದ್ರು" ಅಂತಾರೆ.

ಆಫರ್ ಲೆಟರ್‌ನಲ್ಲಿ ಸಂಬಳದ ಪುಟ ನೋಡಿ ಮಡಚಿಡಬೇಡಿ. ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಈ ಪತ್ರವೇ ಪೂರ್ತಿ ಒಪ್ಪಂದ, ಇದಕ್ಕೆ ಮುಂಚಿನ ಯಾವ ಮಾತುಕತೆಯೂ ಲೆಕ್ಕಕ್ಕಿಲ್ಲ. ಮ್ಯಾನೇಜರ್ ಮನಸಾರೆ ಕೊಟ್ಟ ಮಾತನ್ನೂ ನೀವು ಸಹಿ ಹಾಕಿ ಅಳಿಸಿದಂತಾಯಿತು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ನಾಳೆ ಅವರೇ ಬೇರೆ ಟೀಮಿಗೆ ಹೋದರೆ?

ಇತ್ತೀಚೆಗೆ ಒಬ್ಬ ಹುಡುಗಿ ಬಂದಿದ್ದಳು. ಪುಟ್ಟ ಮಗುವಿದೆ. "ಟೈಮಿಂಗ್ ಫ್ಲೆಕ್ಸಿಬಲ್ ಅಂತೆ" ಎಂದು ಖುಷಿಯಲ್ಲಿದ್ದಳು. ವಿಚಾರಿಸಿದರೆ, ಮ್ಯಾನೇಜರ್ ಮನಸ್ಸಿನಲ್ಲಿದ್ದದ್ದು ಬೆಳಿಗ್ಗೆ 9ರ ಬದಲು 10ಕ್ಕೆ ಬರಬಹುದು ಅನ್ನುವುದು. ಇವಳಿಗೆ ಬೇಕಿದ್ದದ್ದು ಮಧ್ಯಾಹ್ನ ಮಗುವನ್ನು ಕರೆತರುವ ಬಿಡುವು. ಇಬ್ಬರೂ ಒಪ್ಪಿದ್ದರು, ಬೇರೆ ಬೇರೆ ವಿಷಯಕ್ಕೆ!

ಕೂತು ಎಚ್‌ಆರ್‌ಗೆ ಒಂದು ಮೇಲ್ ಬರೆದೆವು. ಮಂಗಳವಾರ, ಗುರುವಾರ ಮನೆಯಿಂದ ಕೆಲಸ. ಆ ದಿನಗಳಲ್ಲಿ 3ರಿಂದ 4.30ರವರೆಗೆ ಮೀಟಿಂಗ್ ಬೇಡ, ಆ ಕೆಲಸವನ್ನು ಸಂಜೆ ಮುಗಿಸುತ್ತೇನೆ. ಪ್ರೊಬೇಷನ್‌ನಲ್ಲೂ ಇದೇ. ಬದಲಾಯಿಸುವುದಿದ್ದರೆ 60 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು.

ಲೆಟರ್ ಎಲ್ಲರಿಗೂ ಒಂದೇ, ಬದಲಾಯಿಸಲು ಆಗಲ್ಲ ಅಂತ ಉತ್ತರ ಬಂತು. ಹಾಗಿದ್ದರೆ ಲೆಟರ್‌ನ ಜೊತೆಗೇ ಸೇರುವ ಒಂದು ಹಾಳೆ ಕೊಡಿ ಅಂದಳು. ಕೊಟ್ಟರು. 60 ದಿನ 30 ಆಯಿತು, ಮೊದಲ ತಿಂಗಳು ಪೂರ್ತಿ ಆಫೀಸು ಅಂತಲೂ ಸೇರಿತು. ಪರವಾಗಿಲ್ಲ, ಆ ಒಂದು ತಿಂಗಳಿಗೆ ಅವಳು ಮುಂಚೆಯೇ ಏರ್ಪಾಡು ಮಾಡಿಕೊಂಡಳು.

ಹಾಳೆ ಸಿಕ್ಕರೆ ಎಲ್ಲ ಗಟ್ಟಿ ಅಂತ ನಾನು ಹೇಳಲಾರೆ. "ಕಂಪನಿ ಪಾಲಿಸಿಯಂತೆ ಬದಲಾಗಬಹುದು" ಎಂಬ ಸಾಲು ಇನ್ನೊಂದು ಕಡೆ ಇದ್ದರೆ ಈ ಹಾಳೆಯ ಬಲ ಕಡಿಮೆ. ಎರಡರಲ್ಲಿ ಯಾವುದು ನಡೆಯುತ್ತದೆ ಅಂತ ಸಹಿಗೆ ಮುಂಚೆ ಬರಹದಲ್ಲೇ ಕೇಳಿಕೊಳ್ಳಿ. ದೊಡ್ಡ ವಿಷಯವಾದರೆ ವಕೀಲರಿಗೂ ತೋರಿಸಿ.

ಇದನ್ನೆಲ್ಲ ಕೇಳುವ ಹೊತ್ತು ಆಫರ್ ಕೈಗೆ ಬಂದ ಮೇಲೆ, ಹಳೆ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು. ಕೊಟ್ಟ ಮೇಲೆ ಕೇಳಿದರೆ "ನೋಡೋಣ" ಅಂತಾರೆ, ಅಷ್ಟೇ.

ಬರೆದು ಕೊಡಲು ಒಪ್ಪದೇ ಇದ್ದರೆ ವಾರವಿಡೀ ಆಫೀಸು ಅಂತಲೇ ಲೆಕ್ಕ ಹಾಕಿ. ಓಡಾಟದ ಖರ್ಚು, ಮಗುವನ್ನು ನೋಡಿಕೊಳ್ಳುವವರ ಖರ್ಚು ಎರಡನ್ನೂ ಕಳೆದು, ಆ ಸಂಬಳ ಸಾಲುತ್ತದಾ ನೋಡಿ. ಸಾಲದಿದ್ದರೆ ಸಂಬಳ ಜಾಸ್ತಿ ಕೇಳಿ, ಇಲ್ಲವೇ ಬಿಟ್ಟುಬಿಡಿ.