ಬರಕ್ಕಾಗಿ ಹಾಡಿದರೆ ಸರ್ಕಾರ ಬಗ್ಗುತ್ತದೆಯೇ?

ಓದುಗರ ಪ್ರಶ್ನೆ: 1985ರ ಲೈವ್ ಏಡ್‌ನಂಥ ದೊಡ್ಡ ಸಹಾಯಾರ್ಥ ಸಂಗೀತ ಕಚೇರಿಗಳಿಂದ ಹಸಿದವರಿಗೆ ನಿಜಕ್ಕೂ ಅನ್ನ ಮುಟ್ಟಿತೇ? ರಾಕ್ ಗಾಯಕರು ಕೇಳಿಕೊಂಡರೆಂದು ಸರ್ಕಾರಗಳು ನೀತಿ ಬದಲಿಸಿದ್ದುಂಟೇ?

ಅನ್ನ ಮುಟ್ಟಿತು. ನೀತಿಯೂ ಕೆಲವೊಮ್ಮೆ ಬದಲಾಗಿದೆ, ಆದರೆ ಬದಲಾದದ್ದು ಹಣ ಕೊಡುವ ದೇಶದ್ದು. ಹಸಿವು ಇದ್ದ ದೇಶದ ರಾಜಕೀಯ ಅಲುಗಲಿಲ್ಲ, ಒಂದು ಮಟ್ಟಿಗೆ ಆ ನೆರವನ್ನೇ ತನ್ನ ಕೆಲಸಕ್ಕೆ ಬಳಸಿಕೊಂಡಿತು. ಇಥಿಯೋಪಿಯಾದಲ್ಲಿ ಆದದ್ದನ್ನು ನೋಡಿದರೆ ಇದು ತಿಳಿಯಾಗುತ್ತದೆ.

1984ರ ಅಕ್ಟೋಬರ್ 23ರಂದು ಬಿಬಿಸಿಯಲ್ಲಿ ಮೈಕೆಲ್ ಬರ್ಕ್ ಅವರ ವರದಿ ಬಂತು. ಕೋರೆಂ ಎಂಬ ಊರಿನ ಹೊರಗೆ, ಬೆಳಗಿನ ಚಳಿಯಲ್ಲಿ, ಬಟ್ಟೆ ಸುತ್ತಿಕೊಂಡು ಮಲಗಿದ ಸಾವಿರಾರು ಜನರನ್ನು ಕೀನ್ಯಾದ ಮೊಹಮದ್ ಅಮೀನ್ ಚಿತ್ರೀಕರಿಸಿದ್ದರು. ಅದನ್ನು ಕಂಡ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಸೇರಿ ಬ್ಯಾಂಡ್ ಏಡ್ ಹೆಸರಿನಲ್ಲಿ ಒಂದು ಕ್ರಿಸ್‌ಮಸ್ ಹಾಡು ಹೊರತಂದರು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸುಮಾರು 72 ಸಾವಿರ, ಫಿಲಡೆಲ್ಫಿಯಾದಲ್ಲಿ ಸುಮಾರು 90 ಸಾವಿರ ಜನರ ಎದುರು ಒಟ್ಟು 16 ಗಂಟೆ ನಡೆದ ಲೈವ್ ಏಡ್ ಅದರ ಮುಂದಿನ ಹೆಜ್ಜೆ. ಉಪಗ್ರಹದ ಮೂಲಕ ಜಗತ್ತಿಗೆಲ್ಲ ಪ್ರಸಾರವಾದ ಈ ಕಾರ್ಯಕ್ರಮದಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿತು.

ಹಣ ಕೂಡಿದ ಕಥೆ ಎಲ್ಲರಿಗೂ ಗೊತ್ತು. ಅದು ಜೋಳ, ಗೋಧಿಯಾಗಿ ತಟ್ಟೆಗೆ ಬರುವುದು ಹೇಗೆ ಎಂಬುದನ್ನು ಕೇಳುವವರು ಕಡಿಮೆ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದರೆ 10 ಲಕ್ಷ ಜನರಿಗೆ ದಿನಕ್ಕೆ 500 ಟನ್ ಬೇಕು. ಲಾರಿಗೆ 20 ಟನ್‌ನಂತೆ ದಿನಕ್ಕೆ 25 ಲೋಡ್. ಬಂದರಿನಿಂದ ಬೆಟ್ಟ ಹತ್ತಿ, ಇಳಿಸಿ, ವಾಪಸ್ ಬಂದು ಮತ್ತೆ ತುಂಬಿಸಿಕೊಳ್ಳಲು ಎಂಟು ದಿನ ಹಿಡಿದರೆ ಒಂದೇ ಸಮನೆ 200 ಲಾರಿ ಓಡುತ್ತಿರಬೇಕು. ಆ ರಸ್ತೆಯಲ್ಲಿ ಐದಕ್ಕೊಂದು ಲಾರಿ ಟೈರು, ಸ್ಪ್ರಿಂಗ್, ಕ್ಲಚ್ ಎಂದು ಗ್ಯಾರೇಜಿನಲ್ಲಿ ನಿಂತಿರುತ್ತದೆ ಎಂದುಕೊಂಡರೆ 250 ಲಾರಿ. ಇದು ಬರೀ 10 ಲಕ್ಷ ಜನರ ಲೆಕ್ಕ. ಹಸಿದವರು ಅದರ ಎಷ್ಟೋ ಪಟ್ಟು ಇದ್ದರು. ಎಂದರೆ ಬಂದರಿನಲ್ಲಿ ಧಾನ್ಯ ರಾಶಿ ಬಿದ್ದಿದ್ದರೂ ಬೆಟ್ಟದ ಮೇಲೆ ಜನ ಸಾಯಬಹುದು. ಬರದ ನೆರವು ಮೊದಲು ಸಿಕ್ಕಿಕೊಳ್ಳುವುದು ಲಾರಿಯಲ್ಲಿ, ಧಾನ್ಯದಲ್ಲಲ್ಲ.

ಇಥಿಯೋಪಿಯಾದಿಂದ ಲಕ್ಷಾಂತರ ನಿರಾಶ್ರಿತರು ಹೋಗಿ ಸೇರಿದ್ದ ಪಕ್ಕದ ಸುಡಾನಿನಲ್ಲೂ ಇದೇ ತೊಂದರೆ, ಅದರ ಮೇಲೆ ಲಾರಿ ಮಾಲೀಕರ ಕೂಟ ಬಾಡಿಗೆಯನ್ನು ತಾನೇ ನಿಗದಿ ಮಾಡುತ್ತಿತ್ತು. ಕೂಡಿದ ಹಣ ನೋಡಿಕೊಳ್ಳುತ್ತಿದ್ದ ಬ್ಯಾಂಡ್ ಏಡ್ ಟ್ರಸ್ಟ್ ಅಲ್ಲಿ ಬಾಡಿಗೆಗೆ ಚೌಕಾಸಿ ಮಾಡುತ್ತ ಕೂರದೆ ತನ್ನದೇ ಲಾರಿಗಳನ್ನು ಕೊಂಡಿತು. ಆ ಹಣದಲ್ಲಿ ಆದ ಅತಿ ಬುದ್ಧಿವಂತಿಕೆಯ ಖರ್ಚು ಇದೇ ಎನ್ನಬೇಕು. ವೇದಿಕೆಯ ಮೇಲಿನಿಂದ ಲಾರಿಗೆಂದು ಕೇಳಿದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ, ಆ ಮಾತು ಬೇರೆ.

ಇನ್ನು ರಾಜಕೀಯ. ಬಿಬಿಸಿ ವರದಿಯಲ್ಲೂ ಹಾಡಿನಲ್ಲೂ ಬರ ಎಂದರೆ ಮಳೆ ಕೈಕೊಟ್ಟದ್ದು, ದೈವ ಮುನಿದದ್ದು. ಮಳೆ ಹೋದದ್ದು ಸುಳ್ಳಲ್ಲ. ಆದರೆ ಬರ ಅತಿ ಭೀಕರವಾಗಿದ್ದ ಉತ್ತರದ ಟಿಗ್ರೆ ಮತ್ತು ವೊಲ್ಲೋ ಪ್ರಾಂತ್ಯಗಳು ಯುದ್ಧದ ಸೀಮೆಗಳೂ ಆಗಿದ್ದವು. ಮೆಂಗಿಸ್ತು ಹೈಲೆ ಮರಿಯಂ ಅವರ ಸೈನಿಕ ಸರ್ಕಾರ ಟಿಗ್ರೆ ಮತ್ತು ಎರಿಟ್ರಿಯಾದ ಬಂಡುಕೋರರ ಜೊತೆ ಹೋರಾಡುತ್ತಿತ್ತು. ಸಂತೆಗಳ ಮೇಲೆ ಬಾಂಬು ಬೀಳುತ್ತಿತ್ತು. ಒಂದು ಸೀಮೆಯ ಧಾನ್ಯ ಇನ್ನೊಂದಕ್ಕೆ ಹೋಗದಂತೆ ವ್ಯಾಪಾರಕ್ಕೆ ತಡೆ ಇತ್ತು. ರೈತ ತನ್ನ ಬೆಳೆಯಲ್ಲಿ ಇಂತಿಷ್ಟನ್ನು ಸರ್ಕಾರ ಹೇಳಿದ ಕಡಿಮೆ ದರಕ್ಕೆ ಕೊಡಲೇಬೇಕಿತ್ತು. ಮಳೆ ಹೋದ ವರ್ಷ ರೈತ ದನ ಮಾರಿ ಧಾನ್ಯ ಕೊಳ್ಳುತ್ತಾನೆ, ಇಲ್ಲವೇ ಕೂಲಿಗೆ ಗುಳೆ ಹೋಗುತ್ತಾನೆ. ಅಲ್ಲಿ ಸಂತೆಯೂ ಮುಚ್ಚಿತ್ತು, ದಾರಿಯೂ ಮುಚ್ಚಿತ್ತು. ಬರ ಕ್ಷಾಮವಾಗುವುದು ಹೀಗೆ.

ನೆರವಿನ ಬಹುಪಾಲು ಹೋದದ್ದು ಸರ್ಕಾರದ ಹಿಡಿತದಲ್ಲಿದ್ದ ಪಟ್ಟಣಗಳ ಮೂಲಕ. ಬಂಡುಕೋರರ ಸೀಮೆಯ ಹಳ್ಳಿಗಳಿಗೆ ಸುಡಾನಿನ ಗಡಿ ದಾಟಿ ರಾತ್ರಿ ಮಾತ್ರ ಲಾರಿಗಳು ಹೊರಡುತ್ತಿದ್ದವು, ಹಗಲಾದರೆ ವಿಮಾನದ ಕಣ್ಣಿಗೆ ಬೀಳುತ್ತಿದ್ದವು. ಇತ್ತ ರಾಜಧಾನಿ ಅಡಿಸ್ ಅಬಾಬಾದಲ್ಲಿ ಮೆಂಗಿಸ್ತು ಸರ್ಕಾರ ಉತ್ತರದ ಜನರನ್ನು ದಕ್ಷಿಣಕ್ಕೆ ಒಯ್ದು ನೆಲೆಗೊಳಿಸುವ ಯೋಜನೆ ಹೂಡಿತು. ಸುಮಾರು 6 ಲಕ್ಷ ಜನರನ್ನು ಸಾಗಿಸಿದರು. ಹಲವರನ್ನು ಗಂಜಿ ಕೇಂದ್ರಗಳಿಂದಲೇ ಬಲವಂತವಾಗಿ ಹತ್ತಿಸಿಕೊಂಡರು, ಮಕ್ಕಳು ಒಂದು ಕಡೆ, ತಾಯಿ ಒಂದು ಕಡೆ ಆದದ್ದೂ ಉಂಟು. ಬಂಡುಕೋರರಿಗೆ ಅನ್ನ ಹಾಕುವ ಊರುಗಳನ್ನು ಖಾಲಿ ಮಾಡಿಸುವುದೂ ಇದರ ಉದ್ದೇಶವಾಗಿತ್ತು. ಅನ್ನ ಸಿಗುತ್ತದೆಂದು ಜನ ಸೇರಿದ ಜಾಗವೇ ಅವರನ್ನು ಹಿಡಿಯುವ ಜಾಗವಾಯಿತು. ಇದನ್ನು ಬಾಯಿಬಿಟ್ಟು ಹೇಳಿದ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಫ್ರೆಂಚ್ ವಿಭಾಗವನ್ನು 1985ರ ಡಿಸೆಂಬರಿನಲ್ಲಿ ದೇಶದಿಂದ ಹೊರಹಾಕಲಾಯಿತು. ಸುಮ್ಮನಿದ್ದರೆ ಕೆಲಸ ಮುಂದುವರಿಸಬಹುದು, ಮಾತಾಡಿದರೆ ಗಂಟುಮೂಟೆ ಕಟ್ಟಬೇಕು. ಉಳಿದ ಸಂಸ್ಥೆಗಳಲ್ಲಿ ಹೆಚ್ಚಿನವು ಸುಮ್ಮನಿದ್ದು ಉಳಿದವು. ಅವರನ್ನು ದೂರುವುದು ಸುಲಭ. ಅವರು ಹೊರಟುಹೋಗಿದ್ದರೆ ಶಿಬಿರದ ಮಕ್ಕಳ ಗತಿ ಏನು ಎಂಬ ಪ್ರಶ್ನೆಗೆ ಮಾತ್ರ ದೂರುವವರ ಬಳಿ ಉತ್ತರ ಇರಲಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಲೈವ್ ಏಡ್ ಹಣದಲ್ಲಿ ಬಂದೂಕು ಕೊಂಡರು ಎಂಬ ಮಾತು ಈಗಲೂ ಓಡಾಡುತ್ತದೆ. ಟಿಗ್ರೆಯ ಬಂಡುಕೋರರು ನೆರವಿನ ಹಣವನ್ನು ಆಯುಧಕ್ಕೆ ತಿರುಗಿಸಿದರೆಂದು 2010ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ವರದಿ ಮಾಡಿತ್ತು. ಅದರಲ್ಲಿ ಬ್ಯಾಂಡ್ ಏಡ್ ಹಣವೂ ಸೇರಿತ್ತೆಂಬ ಭಾವನೆ ಮೂಡಿಸಿದ್ದು ತಪ್ಪು, ಅದಕ್ಕೆ ಪುರಾವೆ ಇರಲಿಲ್ಲ ಎಂದು ಅದೇ ವರ್ಷ ಬಿಬಿಸಿ ಕ್ಷಮೆ ಕೇಳಿತು. ಮೆಂಗಿಸ್ತು 1991ರ ಮೇ ತಿಂಗಳಲ್ಲಿ ದೇಶ ಬಿಟ್ಟು ಓಡಿದ್ದಕ್ಕೆ ಕಾರಣ ಬಂಡುಕೋರರ ಸೇನೆ ಮತ್ತು ನಿಂತುಹೋದ ಸೋವಿಯತ್ ನೆರವು. ಗಿಟಾರಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಗಾಯಕರ ಮಾತು ನಡೆದದ್ದು ಎಲ್ಲಿ? ಬ್ಯಾಂಡ್ ಏಡ್ ಹಾಡಿನ ಪ್ರತಿ ರೆಕಾರ್ಡಿನ ಮಾರಾಟದ ಮೇಲೆ ಬ್ರಿಟನ್ ಸರ್ಕಾರ ಶೇ 15 ವ್ಯಾಟ್ ಹಾಕುತ್ತಿತ್ತು. ತೆರಿಗೆ ಬಿಡಿ ಎಂದು ಗೆಲ್ಡಾಫ್ ಕೇಳಿದರು, ಥ್ಯಾಚರ್ ಸರ್ಕಾರ ಒಪ್ಪಲಿಲ್ಲ. ಹಸಿದವರಿಗೆಂದು ಕೊಟ್ಟ ದುಡ್ಡಿನಲ್ಲಿ ಸರ್ಕಾರ ಪಾಲು ಕೇಳುತ್ತಿದೆ ಎಂದು ಅಂಗಡಿಯಲ್ಲಿ ನಿಂತವರಿಗೂ ಅರ್ಥವಾಗುವಷ್ಟು ಸರಳ ಜಗಳ ಅದು. ಕೊನೆಗೆ ಸರ್ಕಾರ ತೆರಿಗೆ ವಸೂಲಿ ಮಾಡಿ, ಅಷ್ಟೇ ಮೊತ್ತವನ್ನು ನೆರವಿಗೆ ವಾಪಸ್ ಕೊಟ್ಟಿತು. ಬೇಡಿಕೆ ಒಂದೇ, ಮೊತ್ತ ಗೊತ್ತಿರುವಂಥದ್ದು, ಸಹಿ ಹಾಕಬೇಕಾದವರು ಯಾರೆಂದು ಗೊತ್ತು, ಒಪ್ಪಿದರೆ ಅವರಿಗೆ ರಾಜಕೀಯವಾಗಿ ನಷ್ಟವಿಲ್ಲ.

ತೆರಿಗೆಯ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಏನಾಗುತ್ತದೆಂದು 1971ರಲ್ಲೇ ತೋರಿತ್ತು. ಪಂಡಿತ್ ರವಿಶಂಕರ್ ಕೇಳಿಕೊಂಡದ್ದಕ್ಕೆ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶ ನಿರಾಶ್ರಿತರಿಗಾಗಿ ಎರಡು ಪ್ರದರ್ಶನ ಏರ್ಪಡಿಸಿದರು. ಟಿಕೆಟ್ ಹಣ, ಸುಮಾರು 2 ಲಕ್ಷ 43 ಸಾವಿರ ಡಾಲರ್, ಬೇಗನೆ ಯುನಿಸೆಫ್ ಸೇರಿತು. ಆದರೆ ನಿಜವಾದ ದೊಡ್ಡ ಮೊತ್ತ ಆಲ್ಬಂ ಮತ್ತು ಸಿನಿಮಾದ್ದು. ಕಚೇರಿಗೆ ಮೊದಲೇ ದತ್ತಿ ಕಾರ್ಯಕ್ರಮವೆಂದು ನೋಂದಾಯಿಸಿ ತೆರಿಗೆ ವಿನಾಯಿತಿ ಪಡೆದಿರಲಿಲ್ಲ. ಅಮೆರಿಕದ ತೆರಿಗೆ ಇಲಾಖೆ ಆ ಹಣವನ್ನು ಸುಮಾರು ಹತ್ತು ವರ್ಷ ತಡೆಹಿಡಿಯಿತು. ಹಣ ಬಿಡುಗಡೆಯಾಗುವ ಹೊತ್ತಿಗೆ ಆ ಶಿಬಿರಗಳಲ್ಲಿ ಹಾಲಿಗಾಗಿ ಕಾದಿದ್ದ ಮಕ್ಕಳು ಶಾಲೆ ಮುಗಿಸುವ ವಯಸ್ಸಿಗೆ ಬಂದಿರಬೇಕು. ಅಮೆರಿಕದ ನಿಕ್ಸನ್ ಸರ್ಕಾರವೂ ಪಾಕಿಸ್ತಾನವನ್ನು ಬೆಂಬಲಿಸುವುದನ್ನು ಬಿಡಲಿಲ್ಲ. ಬಾಂಗ್ಲಾದೇಶ ಎಂಬ ಹೆಸರು ಅಮೆರಿಕದ ಮನೆಮನೆಗೆ ತಲುಪಿತು, ಅದು ನಿಜ. ದೇಶ ಹುಟ್ಟಿದ್ದು ಡಿಸೆಂಬರಿನ ಯುದ್ಧದಲ್ಲಿ.

ಕಾನೂನನ್ನೇ ಬದಲಿಸಲು ನೆರವಾದ ಕಚೇರಿ ಯಾವುದು ಎಂದರೆ, ಅಷ್ಟಾಗಿ ಯಾರೂ ನೆನೆಯದ ಫಾರ್ಮ್ ಏಡ್. ಲೈವ್ ಏಡ್ ವೇದಿಕೆಯಲ್ಲೇ ಅಮೆರಿಕದ ಗಾಯಕ ಬಾಬ್ ಡಿಲನ್, ಇದರಲ್ಲಿ ಸ್ವಲ್ಪ ನಮ್ಮ ರೈತರ ಸಾಲಕ್ಕೂ ಹೋಗಲಿ ಎಂದುಬಿಟ್ಟರು. ಹಸಿದವರ ಹಣಕ್ಕೆ ಕೈಹಾಕುವ ಮಾತು ಎಂದು ಗೆಲ್ಡಾಫ್ ಸಿಟ್ಟಾದರು. ಆದರೆ ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಆ ಮಾತನ್ನೇ ಹಿಡಿದು ಅದೇ ವರ್ಷ ಸೆಪ್ಟೆಂಬರ್ 22ರಂದು ಇಲಿನಾಯ್‌ನಲ್ಲಿ ಬೇರೆ ಕಚೇರಿ ನಡೆಸಿದರು. ಆಮೇಲೆ ರೈತರನ್ನು ಕರೆದುಕೊಂಡು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕೂತರು. 1987ರ ಕೃಷಿ ಸಾಲ ಕಾಯ್ದೆ ಬಂತು. ಜಮೀನು ಜಪ್ತಿ ಮಾಡುವುದಕ್ಕಿಂತ ಸಾಲದ ಕಂತು ಬದಲಿಸುವುದು ಅಗ್ಗವೆಂದು ಲೆಕ್ಕ ತೋರಿಸಿದರೆ ಸಾಲ ಕೊಟ್ಟ ಸಂಸ್ಥೆ ಜಪ್ತಿಗೆ ಮೊದಲು ಕಂತು ಬದಲಿಸಬೇಕು ಎಂಬುದು ಅದರ ಒಂದು ಮುಖ್ಯ ಅಂಶ. ಹಾಡಿನ ಬಲ ಒಂದೇ ಇದಕ್ಕೆ ಕಾರಣವಲ್ಲ. ಅಯೋವಾದ ರೈತನಿಗೆ ವಾಷಿಂಗ್ಟನ್ನಿನಲ್ಲಿ ವೋಟಿತ್ತು, ಕೋರೆಂನ ರೈತನಿಗೆ ಎಲ್ಲೂ ಇರಲಿಲ್ಲ.

ವೋಟಿಲ್ಲದವರ ಪರವಾಗಿ ಗೆದ್ದದ್ದೂ ಇದೆ, ಆದರೆ ಆ ಗೆಲುವು ಮೈದಾನದಲ್ಲಿ ಆದದ್ದಲ್ಲ. 2000ದಲ್ಲಿ ಯು2 ತಂಡದ ಬೋನೋ, ವಿದೇಶಿ ನೆರವನ್ನು ಜೀವಮಾನವಿಡೀ ವಿರೋಧಿಸಿದ ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರನ್ನು ಭೇಟಿಯಾಗಿ ಬೈಬಲ್ಲಿನ ಮಾತಲ್ಲೇ ಬಡದೇಶಗಳ ಸಾಲಮನ್ನಾದ ವಾದ ಮಂಡಿಸಿದರು. ಬೆನ್ನಿಗೆ ಚರ್ಚುಗಳು ವರ್ಷಗಟ್ಟಲೆ ನಡೆಸಿದ್ದ ಜುಬಿಲಿ 2000 ಚಳವಳಿ ಇತ್ತು. ಆ ವರ್ಷಾಂತ್ಯಕ್ಕೆ ಅಮೆರಿಕದ ಕಾಂಗ್ರೆಸ್ ಬಡದೇಶಗಳ ಸಾಲಮನ್ನಾಕ್ಕೆ 43.5 ಕೋಟಿ ಡಾಲರ್ ಮಂಜೂರು ಮಾಡಿತು. ಚಳವಳಿ ಬಾಗಿಲವರೆಗೆ ಬಂದಿತ್ತು, ಒಳಗೆ ಬಿಡಿಸಿದ್ದು ಗಾಯಕನ ಹೆಸರು.

2005ರ ಜುಲೈ 2ರ ಲೈವ್ 8 ಕಚೇರಿಗಳು ಈ ಪಾಠ ಕಲಿತೇ ನಡೆದದ್ದು. ಗ್ಲೆನೀಗಲ್ಸ್‌ನಲ್ಲಿ ಜಿ8 ಎಂಬ ಎಂಟು ಪ್ರಬಲ ದೇಶಗಳ ಕೂಟದ ನಾಯಕರು ಸೇರುವ ನಾಲ್ಕು ದಿನ ಮುಂಚೆ, ದುಡ್ಡು ಬೇಡ, ನಿಮ್ಮ ಹೆಸರು ಕೊಡಿ ಎಂದು ಜನರನ್ನು ಕೇಳಿದರು. ಸಾಲಮನ್ನಾ ಆಯಿತು, ಮೊದಲ ಸುತ್ತಿನಲ್ಲಿ 18 ದೇಶಗಳಿಗೆ. ಆದರೆ ದಿನಾಂಕ ನೋಡಿ: ಜಿ8 ಹಣಕಾಸು ಸಚಿವರು ಅದನ್ನು ಒಪ್ಪಿದ್ದು ಜೂನ್ 11ರಂದು, ಕಚೇರಿಗೆ ಮೂರು ವಾರ ಮೊದಲು. ಕಚೇರಿಯ ನಂತರ ಸಿಕ್ಕ ಹೊಸ ಭರವಸೆ ಎಂದರೆ 2010ರ ಹೊತ್ತಿಗೆ ನೆರವನ್ನು ವರ್ಷಕ್ಕೆ 5,000 ಕೋಟಿ ಡಾಲರಿನಷ್ಟು ಹೆಚ್ಚಿಸುತ್ತೇವೆ, ಅದರಲ್ಲಿ ಅರ್ಧ ಆಫ್ರಿಕಾಕ್ಕೆ ಎಂಬುದು. ಸಾಲಮನ್ನಾ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಲೆಕ್ಕಪುಸ್ತಕದಲ್ಲಿ ಬರೆದು ಹೊಡೆದುಹಾಕಿದ್ದು, ಅದು ನಡೆಯಿತು. ನೆರವಿನ ಮಾತನ್ನು ಪ್ರತಿ ದೇಶವೂ ವರ್ಷವರ್ಷವೂ ತನ್ನ ಬಜೆಟ್ಟಿನಲ್ಲಿ ಉಳಿಸಿಕೊಳ್ಳಬೇಕಿತ್ತು. ಇಟಲಿಯಂಥ ದೇಶಗಳು ಮೊದಲೇ ಕೈಬಿಟ್ಟವು, ಆಫ್ರಿಕಾಕ್ಕೆಂದು ಹೇಳಿದ ಹೆಚ್ಚಳದಲ್ಲಿ 2010ರ ಹೊತ್ತಿಗೆ ಅರ್ಧದಷ್ಟೂ ಬಂದಿರಲಿಲ್ಲ. ಅಷ್ಟರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹಾಕಿದ್ದ ಲೈವ್ 8 ವೇದಿಕೆ ಬಿಚ್ಚಿ ಐದು ವರ್ಷವಾಗಿತ್ತು, ಭರವಸೆ ಕೊಟ್ಟವರಲ್ಲಿ ಹೆಚ್ಚಿನವರು ಅಧಿಕಾರದಲ್ಲೇ ಇರಲಿಲ್ಲ.