ನಿಂತ ಮಾಲಿಗೆ ಕಾಂಬೋ: ರಿಯಾಯಿತಿ ಎಲ್ಲಿ ಕೊಡಬೇಕು?

ಮಾಲು ಹೋಗ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಇಡೀ ಅಂಗಡಿಗೆ 10% ರಿಯಾಯಿತಿ ಬೋರ್ಡ್ ಹಾಕುತ್ತಾರೆ. ನನ್ನ ಪ್ರಕಾರ ಇದು ತುಂಬಾ ದುಬಾರಿ ದಾರಿ. ನಿಂತಿರುವುದು ಒಂದು ಮಾಲು, ಲಾಭ ಬಿಡುತ್ತಿರುವುದು ಎಲ್ಲದರ ಮೇಲೆ.

ಒಂದು ಲೆಕ್ಕ ನೋಡೋಣ. ಚೆನ್ನಾಗಿ ಹೋಗುವ ಬ್ಯಾಗಿನ ಬೆಲೆ 300, ಅಸಲು 200. ತಿಂಗಳಿಗೆ 40 ಹೋಗುತ್ತವೆ. ನೀರಿನ ಬಾಟಲಿಯ ಬೆಲೆ 100, ಅಸಲು 60. ಬಣ್ಣ ಯಾರಿಗೂ ಹಿಡಿಸದೆ 60 ಬಾಟಲಿ ಉಳಿದಿವೆ, ತಿಂಗಳಿಗೆ ಐದು ಹೋದರೆ ಹೆಚ್ಚು. ಎಲ್ಲದಕ್ಕೂ 10% ಬಿಟ್ಟರೆ ಪ್ರತಿ ಬ್ಯಾಗಿನ ಲಾಭ 100ರಿಂದ 70ಕ್ಕೆ ಇಳಿಯುತ್ತದೆ. ಹತ್ತು ಬ್ಯಾಗಿನಲ್ಲಿ ಬರುತ್ತಿದ್ದ ಲಾಭಕ್ಕೆ ಈಗ ಹದಿನೈದು ಮಾರಬೇಕು.

ಅದರ ಬದಲು ಬ್ಯಾಗ್ ಮತ್ತು ಬಾಟಲಿ ಸೇರಿಸಿ 360ಕ್ಕೆ ಕೊಡಿ. ಗಿರಾಕಿಗೆ ಕಾಣುವುದು 400ರಲ್ಲಿ 40 ಉಳಿತಾಯ. ನಿಮಗೆ ಬ್ಯಾಗಿನ 100 ಲಾಭ ಹಾಗೇ ಉಳಿಯುತ್ತದೆ, ಬಾಟಲಿಯ ಅಸಲು 60 ಪೂರ್ತಿ ಕೈಗೆ ಬರುತ್ತದೆ. ನಿಜವಾಗಿ ನೋಡಿದರೆ ಬಾಟಲಿಗೆ 40% ಬಿಟ್ಟಿದ್ದೀರಿ. ಆದರೆ ಬಾಟಲಿಯ ಚೀಟಿಯ ಮೇಲೆ ಇನ್ನೂ 100 ಅಂತಲೇ ಇದೆ. ಚೀಟಿಯಲ್ಲೇ 60 ಅಂತ ಬರೆದಿದ್ದರೆ ಮುಂದೆ ಒಳ್ಳೆ ಬಣ್ಣದ ಬಾಟಲಿ ತರಿಸಿದಾಗಲೂ ಜನ 60ನ್ನೇ ನೆನಪಿಟ್ಟುಕೊಂಡು ಕೇಳುತ್ತಿದ್ದರು, ಅಲ್ವಾ? ಬ್ಯಾಗ್ ಕೊಳ್ಳುವ ಮೂವರಲ್ಲಿ ಒಬ್ಬರು ಕಾಂಬೋ ತೆಗೆದುಕೊಂಡರೂ ನಾಲ್ಕೈದು ತಿಂಗಳಲ್ಲಿ ಕಪಾಟು ಹೆಚ್ಚುಕಡಿಮೆ ಖಾಲಿ.

ಎರಡೂ ಒಟ್ಟಿಗೆ ಬಳಕೆಯಾಗುವ ವಸ್ತುಗಳಾಗಿರಬೇಕು. ಹೋಗದ ಎರಡು ಮಾಲನ್ನು ಸುಮ್ನೆ ಕಟ್ಟಿಟ್ಟರೆ ಕಾಂಬೋನೂ ಹೋಗುವುದಿಲ್ಲ. ಬ್ಯಾಗನ್ನು ಬಿಡಿಯಾಗಿಯೂ ಮಾರುತ್ತಿರಿ. ಬಾಟಲಿ ಬೇಡದವರಿಗೆ ಕಾಂಬೋನೇ ತಗೋಬೇಕು ಅಂದರೆ ಅವರು ಬ್ಯಾಗನ್ನೂ ಬಿಟ್ಟು ಹೋಗುತ್ತಾರೆ.

ಗಿರಾಕಿಗಳಿಗೆ ರಿಯಾಯಿತಿಗೆ ಕಾಯುವ ಅಭ್ಯಾಸ ಶುರುವಾಗುವುದು ಅದರ ದಿನ ಗೊತ್ತಾದಾಗ. ಪ್ರತಿ ತಿಂಗಳ ಕೊನೆಗೆ ಆಫರ್ ಬರುತ್ತದೆ ಅಂತ ತಿಳಿದರೆ ಮೂರನೇ ವಾರ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಆಫರಿಗೆ ತಾರೀಕು ಬೇಡ, ಎಣಿಕೆ ಇರಲಿ. "ಈ ಬಣ್ಣದ 60 ಬಾಟಲಿ ಇವೆ, ಮತ್ತೆ ತರಿಸುವುದಿಲ್ಲ" ಅಂತ ಇದ್ದದ್ದನ್ನೇ ಬರೆಯಿರಿ. ಹಾಗೆ ಬರೆದ ಮೇಲೆ ಆ ಬಣ್ಣ ಮತ್ತೆ ತರಿಸಲೂಬಾರದು. ಬಾಟಲಿ ಮುಗಿಯಿತು ಅಂತ ಅದೇ ಕಾಂಬೋಗೆ ಬೇರೆ ವಸ್ತು ಸೇರಿಸಿ ಮುಂದುವರಿಸಿದರೆ ಗಿರಾಕಿಗೆ ಬ್ಯಾಗಿನ ಜೊತೆ ಯಾವಾಗಲೂ ಏನೋ ಒಂದು ಸಿಗುತ್ತದೆ ಅನ್ನುವ ಲೆಕ್ಕ ಕೂತುಬಿಡುತ್ತದೆ.

ಜನ ಕಾಯುತ್ತಿದ್ದಾರೋ ಇಲ್ಲವೋ ಅನ್ನುವುದು ಬಿಲ್ ಪುಸ್ತಕದಲ್ಲೇ ಸಿಗುತ್ತದೆ. ಹಿಂದೆ ತಾರೀಕು ಹಾಕಿ ಕೊಟ್ಟ ಆಫರ್ ಇದ್ದರೆ ಆ ವಾರದ ಮಾರಾಟ ಒಂದನ್ನೇ ನೋಡಬೇಡಿ. ಅದರ ಹಿಂದಿನ ಎರಡು ವಾರ, ಮುಂದಿನ ಎರಡು ವಾರವನ್ನೂ ಸೇರಿಸಿ. ಆಫರಿನಲ್ಲಿ ಜಾಸ್ತಿ ಹೋದದ್ದು 20, ಅಕ್ಕಪಕ್ಕದ ವಾರಗಳಲ್ಲಿ ಕಡಿಮೆಯಾದದ್ದು 18 ಅಂದರೆ ಹೊಸ ವ್ಯಾಪಾರ ಎರಡೇ. ಉಳಿದ 18 ಪೂರ್ತಿ ಬೆಲೆಗೆ ಹೇಗೂ ಹೋಗುತ್ತಿದ್ದ ಮಾಲು.

ಕೊನೆಗೆ ಏಳೆಂಟು ಬಾಟಲಿ ಉಳಿದೇ ಉಳಿಯುತ್ತವೆ. ಅವುಗಳಿಗೋಸ್ಕರ ಬಾಗಿಲಲ್ಲಿ ಅರ್ಧ ಬೆಲೆ ಬೋರ್ಡ್ ಹಾಕಬೇಡಿ. ಉಳಿದ ಮಾಲು ಒಟ್ಟಿಗೆ ಕೊಳ್ಳುವವರಿಗೆ ಬಂದಷ್ಟಕ್ಕೆ ಕೊಟ್ಟು, ಆ ಜಾಗದಲ್ಲಿ ಹೋಗುವ ಮಾಲು ಇಡಿ.