ಅರ್ಧವೃತ್ತದ ಅಡ್ಡಕೊಯ್ತ: π/8 ಎಲ್ಲಿಂದ ಬಂತು?

ಪ್ರಶ್ನೆ: y = √x, x-ಅಕ್ಷ ಮತ್ತು x = 4, ಈ ಮೂರರ ನಡುವಿನ ಜಾಗವೇ ಪಾದ. ಅದರ ಮೇಲೆ ನಿಂತ ಘನವನ್ನು x-ಅಕ್ಷಕ್ಕೆ ಲಂಬವಾಗಿ ಕೊಯ್ದರೆ ಪ್ರತಿ ಸಲವೂ ಅರ್ಧವೃತ್ತ ಸಿಗುತ್ತದೆ. ನನಗೆ ಘನಫಲ 4π ಬಂತು, ಪುಸ್ತಕದಲ್ಲಿ π ಇದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು √x ಅನ್ನು ತ್ರಿಜ್ಯ ಅಂದುಕೊಂಡಿದ್ದೀರಿ. ಅದು ವ್ಯಾಸ.

ಮೊದಲು ಪಾದವನ್ನು ಕಾಗದದ ಮೇಲೆ ಬರೆಯಿರಿ. ಯಾವುದಾದರೂ ಒಂದು x ಹತ್ತಿರ, x-ಅಕ್ಷದಿಂದ ವಕ್ರರೇಖೆಯವರೆಗೆ ಒಂದು ಗೆರೆ ಎಳೆಯಿರಿ. ಅದರ ಉದ್ದ √x. ಅರ್ಧವೃತ್ತ ಈ ಗೆರೆಯ ಮೇಲೆ ಕಾಗದದಿಂದ ಎದ್ದು ನಿಂತಿದೆ. ಅಂದರೆ ಇಡೀ ಗೆರೆಯೇ ಅದರ ವ್ಯಾಸ, ತ್ರಿಜ್ಯ √x/2. ವಿಸ್ತೀರ್ಣ:

½ · π · (√x/2)² = (π/8) x

ತ್ರಿಜ್ಯದ 2 ವರ್ಗವಾಗಿ 4 ಆಯಿತು, ಅರ್ಧವೃತ್ತದ ಇನ್ನೊಂದು 2 ಸೇರಿ 8. ಇಂಥ ತೆಳು ಹೋಳುಗಳನ್ನೆಲ್ಲ 0 ಇಂದ 4 ರವರೆಗೆ ಕೂಡಿಸುವುದೇ ಇಲ್ಲಿ ಅನುಕಲನದ ಕೆಲಸ:

V = ∫₀⁴ (π/8) x dx = (π/8) · 8 = π

ಉತ್ತರ ಸರಿಯೋ ಇಲ್ಲವೋ ಅಂತ ಪುಸ್ತಕ ನೋಡದೆಯೂ ತಿಳಿಯಬಹುದು. ಅದೇ ಗೆರೆಗಳ ಮೇಲೆ ಅರ್ಧವೃತ್ತದ ಬದಲು ಚೌಕ ನಿಲ್ಲಿಸಿ. ಬಾಹು √x, ವಿಸ್ತೀರ್ಣ x, ಘನಫಲ ∫₀⁴ x dx = 8. ಒಂದೇ ಗೆರೆಯ ಮೇಲೆ ನಿಂತ ಅರ್ಧವೃತ್ತ ಯಾವಾಗಲೂ ಚೌಕದೊಳಗೇ ಇರುತ್ತದೆ, ಅದರ ಎತ್ತರ ಚೌಕದ ಅರ್ಧ ಮಾತ್ರ ಅಲ್ವಾ? ಹಾಗಾಗಿ ಉತ್ತರ 8 ಕ್ಕಿಂತ ಕಡಿಮೆ ಇರಲೇಬೇಕು. 4π ಅಂದರೆ ಸುಮಾರು 12.57, ಅದು ಸಾಧ್ಯವೇ ಇಲ್ಲ. π ಅಂದರೆ 3.14, ಸರಿಯಾಗಿ ಕೂರುತ್ತದೆ. ಈ ಪರೀಕ್ಷೆ ನನಗೆ ತುಂಬಾ ಇಷ್ಟ, ಅರ್ಧ ನಿಮಿಷವೂ ಬೇಡ.

ಇನ್ನು ಕೆಲವರು ಇಲ್ಲಿ ∫π y² dx ಹಾಕಿ 8π ತರುತ್ತಾರೆ. ಅದು ಪಾದವನ್ನು x-ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಘನ. ನಮ್ಮ ಘನದಲ್ಲಿ ಏನೂ ತಿರುಗುವುದಿಲ್ಲ.

ಪ್ರಶ್ನೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ ಮಾತು "ಯಾವ ಅಕ್ಷಕ್ಕೆ ಲಂಬ" ಎಂಬುದು. ಪಾದ ಅದೇ ಇರಲಿ, ಚೌಕಗಳನ್ನು y-ಅಕ್ಷಕ್ಕೆ ಲಂಬವಾಗಿ ನಿಲ್ಲಿಸಿ. ಈಗ ಗೆರೆ ಅಡ್ಡಡ್ಡ ಹೋಗುತ್ತದೆ: ವಕ್ರರೇಖೆಯಲ್ಲಿ x = y², ಅಲ್ಲಿಂದ x = 4 ವರೆಗೆ. ಬಾಹು 4 − y², y ಹೋಗುವುದು 0 ಇಂದ 2 ರವರೆಗೆ:

V = ∫₀² (4 − y²)² dy = 32 − 64/3 + 32/5 = 256/15

ಸುಮಾರು 17.07, ಮೊದಲಿನ 8 ಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಾರಣ ಚಿತ್ರದಲ್ಲೇ ಇದೆ: ನೆಟ್ಟಗಿನ ಗೆರೆಗಳಲ್ಲಿ ಅತಿ ಉದ್ದದ್ದು 2, ಅಡ್ಡ ಗೆರೆಗಳಲ್ಲಿ 4. ಉದ್ದ ವರ್ಗವಾಗುವುದರಿಂದ ಅತಿ ದೊಡ್ಡ ಚೌಕ 4 ಇದ್ದದ್ದು 16 ಆಗುತ್ತದೆ. ಈ ದಿಕ್ಕಿನಲ್ಲಿ ಅರ್ಧವೃತ್ತ ಬೇಕಿದ್ದರೆ ಹೊಸದಾಗಿ ಲೆಕ್ಕ ಹಾಕಬೇಕಿಲ್ಲ. 256/15 ಅನ್ನು π/8 ಇಂದ ಗುಣಿಸಿ, 32π/15 ಬರುತ್ತದೆ.